ಕಾಲ್ಪನಿಕ ಭಾಷೆ ಎಂದರೆ ಬಾಯಿಗೆ ಬಂದ ಶಬ್ದವೇ? ಹೆಸರು ಕಟ್ಟುವ ಲೆಕ್ಕ ಹೀಗಿದೆ

2015ರಲ್ಲಿ ‘ಬಾಹುಬಲಿ’ ಬಂದಾಗ ಕಾಲಕೇಯರ ಮಾತನ್ನು ಅನುಕರಿಸದ ಮಕ್ಕಳೇ ಇರಲಿಲ್ಲ. ಆ ಮಾತಿನ ಬಗ್ಗೆ ಇವತ್ತಿಗೂ ಎರಡು ಬಗೆಯ ನಂಬಿಕೆ ಇದೆ. ಅದು ಯಾವುದೋ ಬುಡಕಟ್ಟಿನ ನಿಜವಾದ ಭಾಷೆ ಎನ್ನುವವರಿದ್ದಾರೆ. ಶೂಟಿಂಗ್ ದಿನ ನಟರು ಬಾಯಿಗೆ ಬಂದಂತೆ ಕೂಗಿದ್ದು ಎನ್ನುವವರೂ ಇದ್ದಾರೆ.

ಎರಡೂ ಸರಿಯಲ್ಲ. ಆ ಭಾಷೆಯ ಹೆಸರು ಕಿಲಿಕಿ. ತಮಿಳು ಚಿತ್ರಸಾಹಿತಿ ಮದನ್ ಕಾರ್ಕಿ ಅದನ್ನು ಕೂತು ಕಟ್ಟಿದರು. ಅದರಲ್ಲಿ ‘ನಾನು’ ಎನ್ನಲು ‘ಮಿನ್’, ‘ನೀನು’ ಎನ್ನಲು ‘ನಿಮ್’. ಒಂದನ್ನು ತಿರುಗಿಸಿದರೆ ಇನ್ನೊಂದು! ಅಂದರೆ ಶಬ್ದ ವಿಚಿತ್ರವಾಗಿ ಕೇಳಿದರೂ ಅದರ ಹಿಂದೆ ನಿಯಮವಿದೆ.

ಹಾಗಾದರೆ ಕಥೆ, ಮಕ್ಕಳ ನಾಟಕ ಅಥವಾ ವೆಬ್ ಸರಣಿ ಬರೆಯುವವರು ತಮ್ಮದೇ ಒಂದು ಕಾಲ್ಪನಿಕ ಜನಾಂಗಕ್ಕೆ ಹೆಸರು ಇಡಬೇಕಾದರೆ ಪೂರ್ತಿ ಭಾಷೆಯನ್ನೇ ಕಟ್ಟಬೇಕೆ? ಬೇಕಿಲ್ಲ. ಹತ್ತು-ಹನ್ನೆರಡು ಪದದ ತುಣುಕುಗಳು ಮತ್ತು ಮೂರ್ನಾಲ್ಕು ನಿಯಮ ಸಾಕು. ಅದು ಹೇಗೆ? ಒಂದು ಜನಾಂಗವನ್ನು ಇಲ್ಲೇ ಕಟ್ಟಿ ನೋಡೋಣ.

ನಮ್ಮ ಕಿವಿಗೆ ಮೊದಲೇ ಗೊತ್ತಿರುವ ಗುಟ್ಟು

ಬಸ್, ಕಾರ್, ಪೆನ್ ಎಂಬ ಪದಗಳು ಕನ್ನಡಕ್ಕೆ ಬಂದಾಗ ಏನಾದವು? ಬಸ್ಸು, ಕಾರು, ಪೆನ್ನು ಆದವು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಈ ನಿಯಮವನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಆದರೂ ನಾಲಿಗೆ ತಾನಾಗಿಯೇ ಪಾಲಿಸುತ್ತದೆ. ಹೆಸರಿನಲ್ಲೂ ಹೀಗೆಯೇ. ಹಿಂದೆಂದೂ ಕೇಳದ ಹೆಸರಿನ ಕೊನೆಯಲ್ಲಿ ‘ಅಪ್ಪ’, ‘ಅಮ್ಮ’, ‘ಅಯ್ಯ’ ಬಂದರೆ ಇವರು ನಮ್ಮ ಕಡೆಯವರು ಅನಿಸುತ್ತದೆ. ‘ಹಳ್ಳಿ’, ‘ಊರು’, ‘ಪುರ’ ಎಂದು ಮುಗಿದರೆ ಅದು ಜಾಗದ ಹೆಸರು ಎಂದು ಗೊತ್ತಾಗುತ್ತದೆ.

ಒಂದು ಜನಾಂಗದ ಹೆಸರುಗಳು ನಿಜ ಅನ್ನಿಸುವುದು ಇದೇ ಕಾರಣಕ್ಕೆ. ಅವು ಒಂದೇ ಬಗೆಯ ಶಬ್ದಗಳಿಂದ ಆಗಿರುತ್ತವೆ, ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ.

‘ಗೇಮ್ ಆಫ್ ಥ್ರೋನ್ಸ್’ ಕಾದಂಬರಿಗಳಲ್ಲಿ ದೋಥ್ರಾಕಿ ಎಂಬ ಕುದುರೆ ಸವಾರರಿದ್ದಾರೆ. ಅವರ ಗಂಡಸರ ಹೆಸರು ನೋಡಿ: ದ್ರೋಗೋ, ಅಗ್ಗೋ, ಝೋಗೋ, ರಖಾರೋ. ಎಲ್ಲವೂ ‘ಓ’ ಎಂದೇ ಮುಗಿಯುತ್ತವೆ. ನಾಯಕ ಖಾಲ್, ಅವನ ಹೆಂಡತಿ ಖಲೀಸಿ, ಅವನ ದಂಡು ಖಲಾಸರ್. ಮೂರರಲ್ಲೂ ಒಂದೇ ಬೇರು. ಪುಸ್ತಕದಲ್ಲಿ ಲೇಖಕ ಜಾರ್ಜ್ ಮಾರ್ಟಿನ್ ಬರೆದಿದ್ದದ್ದು ಇಂಥ ಹೆಸರುಗಳು ಮತ್ತು ಕೆಲವೇ ಪದಗಳು. 2011ರಲ್ಲಿ ಟಿವಿ ಸರಣಿ ಶುರುವಾಗುವ ಮುನ್ನ ಭಾಷಾತಜ್ಞ ಡೇವಿಡ್ ಪೀಟರ್ಸನ್ ಅವನ್ನೇ ಅಡಿಪಾಯ ಮಾಡಿಕೊಂಡು ಮಾತನಾಡಬಲ್ಲ ಭಾಷೆ ಕಟ್ಟಿದರು. ಹೆಸರುಗಳಲ್ಲಿ ಲೆಕ್ಕ ಇದ್ದದ್ದರಿಂದಲೇ ಅದು ಸಾಧ್ಯವಾಯಿತು.

ಮೊದಲ ಹೆಜ್ಜೆ: ಏನು ಬೇಡ ಎಂದು ತೀರ್ಮಾನಿಸಿ

ನಮ್ಮ ಕಾಲ್ಪನಿಕ ಜನ ಕಡಲಂಚಿನಲ್ಲಿದ್ದಾರೆ. ಉಪ್ಪು ಬೆಳೆದು, ದೋಣಿಯಲ್ಲಿ ಸಾಗಿಸಿ ಬದುಕುತ್ತಾರೆ. ಇವರಿಗೆ ಒಂಬತ್ತು ವ್ಯಂಜನ ಕೊಡೋಣ: ತ, ದ, ನ, ಮ, ರ, ಲ, ವ, ಸ, ಹ. ಸ್ವರ ನಾಲ್ಕು: ಅ, ಇ, ಉ, ಎ. ಕ, ಪ, ಟ ಇಲ್ಲ. ಮಹಾಪ್ರಾಣವಿಲ್ಲ, ಒತ್ತಕ್ಷರವಿಲ್ಲ. ಪದ ಸ್ವರದಲ್ಲಿ ಮುಗಿಯಬೇಕು, ಇಲ್ಲವೇ ‘ಲ್’ ಅಥವಾ ‘ನ್’ ಆಗಿ ಮುಗಿಯಬೇಕು. ಬೇರೆ ಯಾವುದಕ್ಕೂ ಅವಕಾಶವಿಲ್ಲ.

ಇಲ್ಲಿ ಯಾವ ಅಕ್ಷರ ಇದೆ ಎನ್ನುವುದಕ್ಕಿಂತ ಯಾವುದು ಇಲ್ಲ ಎನ್ನುವುದೇ ಮುಖ್ಯ. ಐವತ್ತು ಹೆಸರುಗಳಲ್ಲಿ ಒಮ್ಮೆಯೂ ‘ಕ’ ಬರದಿದ್ದರೆ ಓದುಗರು ಅದನ್ನು ಗುರುತಿಸಲಿಕ್ಕಿಲ್ಲ, ಆದರೆ ಕಿವಿ ಗುರುತಿಸುತ್ತದೆ. ಪದದ ಕೊನೆಗೆ ‘ಲ್’, ‘ನ್’ ಬಂದಾಗ ಇದು ಕನ್ನಡವಲ್ಲ ಎಂದೂ ತಕ್ಷಣ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ಬದುಕಿನಿಂದ ಪದ, ಪದದಿಂದ ಹೆಸರು

ಈಗ ಅವರ ದಿನನಿತ್ಯದ ನಾಲ್ಕು ವಸ್ತುಗಳಿಗೆ ಪದ ಬೇಕು. ನೆಸು ಎಂದರೆ ಉಪ್ಪು. ತಿಹೆ ಎಂದರೆ ದೋಣಿ. ಲುದೆ ಎಂದರೆ ದೀಪ. ಮಿರೆ ಎಂದರೆ ಹಕ್ಕಿ. ಕಡಲ ಉಬ್ಬರಕ್ಕೆ ಉಲ್, ಇಳಿತಕ್ಕೆ ಉನ್.

ಹೆಸರಿಡುವ ಪದ್ಧತಿ ಏನು? ಮಗು ಹುಟ್ಟಿದಾಗ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ನೋಡುತ್ತಾರೆ. ಹೆರಿಗೆಯಾದ ಮೇಲೆ ಸೂಲಗಿತ್ತಿ ಹೊರಗೆ ಬಂದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಏನು ಎಂದು ಕೇಳುತ್ತಾರೆ. ಎರಡನ್ನೂ ಸೇರಿಸಿದರೆ ಹೆಸರು ಸಿದ್ಧ. ಹಕ್ಕಿ ಕಂಡಿತು, ನೀರು ಏರುತ್ತಿತ್ತು ಎಂದಾದರೆ ಮಿರೆ + ಉಲ್ = ಮಿರೆಲ್. ದೀಪ ಕಂಡಿತು, ನೀರು ಇಳಿಯುತ್ತಿತ್ತು ಎಂದಾದರೆ ಲುದೆ + ಉನ್ = ಲುದೆನ್.

ನಡುವಿನ ‘ಉ’ ಎಲ್ಲಿ ಹೋಯಿತು? ಶಾಲೆಯಲ್ಲಿ ಕಲಿತ ಲೋಪಸಂಧಿ ನೆನಪಿಸಿಕೊಳ್ಳಿ. ಊರು + ಅಲ್ಲಿ = ಊರಲ್ಲಿ. ಕನ್ನಡದಲ್ಲಿ ಮೊದಲ ಸ್ವರ ಬಿದ್ದುಹೋಗುತ್ತದೆ, ಇವರ ಮಾತಿನಲ್ಲಿ ಎರಡನೆಯದು ಬೀಳುತ್ತದೆ. ನಿಯಮ ಇಷ್ಟೇ. ಆದರೆ ಒಮ್ಮೆ ಇಟ್ಟ ನಿಯಮವನ್ನು ಎಲ್ಲ ಕಡೆಯೂ ಪಾಲಿಸಬೇಕು.

ನಾಲ್ಕು ವಸ್ತು, ಎರಡು ಹೊತ್ತು: ಒಟ್ಟು ಎಂಟು ಹೆಸರು. ಹತ್ತು ವಸ್ತುಗಳಾದರೆ ಇಪ್ಪತ್ತು ಹೆಸರು. ಒಂದು ಊರಿಗೆ ಅಷ್ಟೇ ಸಾಲದು, ಒಂದೇ ಹೆಸರಿನ ನಾಲ್ಕು ಜನ ಸಿಗುತ್ತಾರೆ. ನಮ್ಮ ಊರುಗಳಲ್ಲಿ ಇಂಥ ಗೊಂದಲ ಬಂದಾಗ ಮನೆತನದ ಹೆಸರೋ ಅಪ್ಪನ ಹೆಸರೋ ಸೇರುತ್ತದೆ. ಇವರು ತಾಯಿಯ ಹೆಸರು ಸೇರಿಸುತ್ತಾರೆ. ‘ವಿ’ ಎಂದರೆ ‘ಅವರ’. ಲುದೆನ್ ವಿ ನೆಸುಲ್ ಎಂದರೆ ನೆಸುಲ್ ಎಂಬಾಕೆಯ ಮಗು ಲುದೆನ್. ಜಾಗದ ಹೆಸರಿಗೆ ಮುಂದೆ ‘ಹ’ ಬರಲಿ. ಉಪ್ಪಿನ ಊರು ಹನೆಸು, ಹಕ್ಕಿಗಳ ದ್ವೀಪ ಹಮಿರೆ.

ಪದ್ಧತಿ ಕಥೆಯನ್ನೂ ಕಟ್ಟಿಹಾಕುತ್ತದೆ

ಇಲ್ಲೊಂದು ಎಚ್ಚರ ಬೇಕು. ಇಳಿತದಲ್ಲಿ ಹುಟ್ಟಿದವರು ಅಪಶಕುನ, ಅಂಥವರು ಊರಿಗೊಬ್ಬರು ಎಂದು ಬರೆಯುವ ಆಸೆ ಬರಬಹುದು. ಆದರೆ ನಮ್ಮ ಕರಾವಳಿಯಂಥ ಕಡೆ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ನೀರು ಸುಮಾರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ. ಹಾಗಾಗಿ ಊರಿನ ಹೆಚ್ಚುಕಡಿಮೆ ಅರ್ಧ ಜನರ ಹೆಸರು ‘ನ್’ ಎಂದು ಮುಗಿಯಲೇಬೇಕು. ಅರ್ಧ ಊರೇ ಅಪಶಕುನ ಆಗಲು ಸಾಧ್ಯವಿಲ್ಲ. ಬೇಕಿದ್ದರೆ ‘ಲ್’ ಮಂದಿಗೂ ‘ನ್’ ಮಂದಿಗೂ ದೋಣಿಯಲ್ಲಿ ಬೇರೆ ಬೇರೆ ಕೆಲಸ ಎಂದು ಮಾಡಬಹುದು. ಪಾತ್ರಗಳ ಪಟ್ಟಿ ಬರೆದು ಕೊನೆಯಕ್ಷರ ಎಣಿಸಿ ನೋಡಿದರೆ ಲೆಕ್ಕ ತಪ್ಪಿದ್ದು ಕೂಡಲೇ ಕಾಣುತ್ತದೆ.

ಮೂರನೆಯ ಹೆಜ್ಜೆ: ಮೂರು ಮಾತು ಸಾಕು

ಈಗ ಅದೇ ತುಣುಕುಗಳಿಂದ ಮಾತು ಕಟ್ಟಬೇಕು. ‘ದೆ’ ಎಂದರೆ ನೀನು, ‘ಸಿ’ ಎಂದರೆ ನಾನು. ಎದುರಾದಾಗ ಹೇಳುವುದು: ಉಲ್ ವಿ ದೆ. ಉಬ್ಬರ ನಿನ್ನದು. ಬೀಳ್ಕೊಡುವಾಗ: ಉನ್ ವಿ ಸಿ. ಇಳಿತ ನನ್ನದು, ಅಂದರೆ ಕಷ್ಟ ನನಗಿರಲಿ, ನೀನು ಸುಖವಾಗಿ ಹೋಗಿ ಬಾ. ಬೈಯುವಾಗ ‘ಇಲ್ಲ’ ಎನ್ನುವ ‘ರ’ವನ್ನು ಉಪ್ಪಿನ ಮುಂದೆ ಇಡುತ್ತಾರೆ: ರನೆಸು. ಉಪ್ಪಿಲ್ಲದವನು. ಉಪ್ಪಿನ ಋಣ ಎಂದರೇನು ಎಂದು ತಿಳಿದ ನಮಗೆ ಈ ಬೈಗುಳವನ್ನು ಬಿಡಿಸಿ ಹೇಳಬೇಕಿಲ್ಲ.

ಗಮನಿಸಿ, ಇಲ್ಲಿ ಕ್ರಿಯಾಪದವೇ ಇಲ್ಲ. ಕ್ರಿಯಾಪದ ಬಂದರೆ ಕಾಲ, ಲಿಂಗ, ವಚನ ಎಲ್ಲವೂ ಬೆನ್ನ ಹಿಂದೆ ಬರುತ್ತವೆ. ನಮಸ್ಕಾರ, ವಿದಾಯ, ಬೈಗುಳಕ್ಕೆ ಅದರ ಅಗತ್ಯವಿಲ್ಲ. ಪಾತ್ರಗಳು ಉದ್ದದ ಸಂಭಾಷಣೆಯನ್ನೇ ಆ ಭಾಷೆಯಲ್ಲಿ ಆಡಬೇಕಾದರೆ ಮಾತ್ರ ಈ ವಿಧಾನ ಸಾಲದು. ಆಗ ಪೂರ್ತಿ ವ್ಯಾಕರಣ ಬೇಕು.

ಓದುಗರಿಗೆ ಇದೆಲ್ಲ ತಲುಪುವುದು ಹೇಗೆ? ಮೊದಲ ಬಾರಿ ಅರ್ಥ ತಿಳಿಯುವಂತೆ ಬಳಸಿ, ಎರಡನೆಯ ಬಾರಿ ಸುಮ್ಮನೆ ಬಳಸಿ. ಮೂರನೆಯ ಬಾರಿ ಬೀಳ್ಕೊಡುವ ಜಾಗದಲ್ಲಿ ಒಬ್ಬ ‘ಉನ್ ವಿ ದೆ’ ಎಂದರೆ, ಅದು ಶಾಪ ಎಂದು ಓದುಗರಿಗೇ ಹೊಳೆಯುತ್ತದೆ.

ಹಂಚುವ ಮುನ್ನ ಮೂರು ಪರೀಕ್ಷೆ

ಮೊದಲನೆಯದು, ನಮ್ಮ ಭಾಷೆಗಳಲ್ಲಿ ಅದಕ್ಕೆ ಬೇರೆ ಅರ್ಥವಿದೆಯೇ? ‘ಇಲ್ಲ’ ಎನ್ನಲು ‘ರ’ ಬದಲು ‘ಮ’ ಇಟ್ಟಿದ್ದರೆ ಬೈಗುಳ ‘ಮನೆಸು’ ಆಗಿ ‘ಮನಸು’ ಎಂದೇ ಕೇಳುತ್ತಿತ್ತು. ದೋಣಿಗೆ ‘ರಿಹು’ ಎಂದಿಟ್ಟರೆ ಹುಟ್ಟುವ ಹೆಸರು ‘ರಿಹುಲ್’, ಯಾರೋ ರಾಹುಲ್ ಅನ್ನು ತಪ್ಪಾಗಿ ಟೈಪ್ ಮಾಡಿದಂತೆ. ಬೇರನ್ನಷ್ಟೇ ನೋಡಿದರೆ ಇದು ತಿಳಿಯದು. ಸೇರಿಸಿದ ಮೇಲಿನ ರೂಪವನ್ನೂ ಗಟ್ಟಿಯಾಗಿ ಓದಬೇಕು. ತುಳು, ತೆಲುಗು, ತಮಿಳು, ಉರ್ದು ಬಲ್ಲ ಗೆಳೆಯರಿಗೂ ಓದಿಸಿ.

ಎರಡನೆಯದು, ಬೇರೆಯವರು ಅದನ್ನು ಗುರುತಿಸಬಲ್ಲರೇ? ನಿಮ್ಮ ಆರು ಹೆಸರುಗಳ ನಡುವೆ ‘ಝೋರ್ಗಾಕ್’, ‘ಪ್ರಕ್ಟಾ’ ಎಂದು ಎರಡನ್ನು ಸೇರಿಸಿ. ನಿಯಮ ಹೇಳದೆ ಮನೆಯವರನ್ನು ಕೇಳಿ, ಈ ಊರಿನವರಲ್ಲದವರು ಯಾರು? ತಡವರಿಸದೆ ತೋರಿಸಿದರೆ ನಿಮ್ಮ ನಿಯಮ ಕೆಲಸ ಮಾಡುತ್ತಿದೆ. ತಡವರಿಸಿದರೆ ನೀವು ಅತಿಯಾದಷ್ಟು ಅಕ್ಷರಗಳಿಗೆ ಅವಕಾಶ ಕೊಟ್ಟಿದ್ದೀರಿ. ಒಂದೆರಡನ್ನು ತೆಗೆಯಿರಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಅದು ನಿಜವಾದ ಜನರ ಹೆಸರೇ? ಕ್ರೂರಿಗಳ ಪಾತ್ರಕ್ಕೆ ‘ಕಾಡಿನ ಧ್ವನಿ’ ಬೇಕೆಂದು ಯಾವುದೋ ಸಮುದಾಯದ ಹೆಸರನ್ನೋ ಅವರ ದೈವದ ಹೆಸರನ್ನೋ ಅರ್ಧ ತಿರುಚಿ ಇಟ್ಟರೆ, ನಗುವವರು ನಕ್ಕು ಮರೆಯುತ್ತಾರೆ. ಆ ಹೆಸರು ಹೊತ್ತ ಮಗು ಶಾಲೆಯಲ್ಲಿ ಅದನ್ನೇ ದಿನವೂ ಕೇಳಬೇಕಾಗುತ್ತದೆ. ಪಟ್ಟಿಯ ಪ್ರತಿ ಪದವನ್ನೂ ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಒಮ್ಮೆ ಹುಡುಕಿ ನೋಡಲು ಅರ್ಧ ಗಂಟೆಯೂ ಹಿಡಿಯುವುದಿಲ್ಲ.

ಇನ್ನು ಮುಂದೆ ‘ಈ ಸಿನಿಮಾದ ಭಾಷೆ ಇಂಥ ಬುಡಕಟ್ಟಿನದು’ ಎಂಬ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ, ಕಳಿಸಿದವರನ್ನು ಕೇಳಿ: ಆ ಭಾಷೆ ಕಟ್ಟಿದವರ ಹೆಸರು ಚಿತ್ರದ ಕ್ರೆಡಿಟ್‌ನಲ್ಲಿದೆಯೇ? ಇದ್ದರೆ ಅದು ಕಟ್ಟಿದ ಭಾಷೆ. ಅದನ್ನು ಬದುಕಿರುವ ಜನರ ತಲೆಗೆ ಕಟ್ಟುವುದು ಬೇಡ.