‘ಸ್ತ್ರೀ’ ಎಂಬುದರಲ್ಲಿ ಎಷ್ಟು ಅಕ್ಷರ?

ಕನ್ನಡ ಓದುವವರ ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ. ಆದರೆ ಪೈಥಾನ್ ಭಾಷೆಯಲ್ಲಿ ಅದರ ಉದ್ದ ಕೇಳಿದರೆ ಬರುವ ಉತ್ತರ ಆರು.

```
len("ಸ್ತ್ರೀ")   # 6
```

ಯುನಿಕೋಡ್ ಕನ್ನಡದ ಪ್ರತಿಯೊಂದು ಒತ್ತಕ್ಷರಕ್ಕೂ ಬೇರೆ ಸಂಖ್ಯೆ ಕೊಟ್ಟಿಲ್ಲ. ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆ ಇವುಗಳಿಗೆ ಮಾತ್ರ ಒಂದೊಂದು ಸಂಕೇತಬಿಂದುವಿದೆ. ಹಾಗಾಗಿ ‘ಸ್ತ್ರೀ’ ಕಡತದಲ್ಲಿ ಸ, ವಿರಾಮ, ತ, ವಿರಾಮ, ರ, ಈಕಾರದ ಚಿಹ್ನೆ ಎಂದು ಸಾಲಾಗಿ ಕುಳಿತಿರುತ್ತದೆ. ತ, ರ ಎರಡನ್ನೂ ಒತ್ತಾಗಿಸಿ ಜೋಡಿಸುವುದು ಫಾಂಟಿನ ಕೆಲಸ. ಎಣಿಕೆಗೆ ಆ ರೂಪ ಕಾಣುವುದೇ ಇಲ್ಲ.

ಓದುಗರು ಒಂದೆಂದು ಕಾಣುವ ಗುಂಪನ್ನು ಗುರುತಿಸಲು ಯುನಿಕೋಡ್‌ನಲ್ಲಿ ‘ಗ್ರಾಫೀಮ್ ಕ್ಲಸ್ಟರ್’ ಎಂಬ ನಿಯಮವಿದೆ. ಅದೂ ಇಲ್ಲಿ ಪೂರ್ತಿ ಒದಗುವುದಿಲ್ಲ. ಹಳೆಯ ನಿಯಮ ವಿರಾಮದ ನಂತರ ಕತ್ತರಿಸುತ್ತಿದ್ದುದರಿಂದ ಸ್, ತ್, ರೀ ಎಂದು ಮೂರು ಸಿಗುತ್ತಿತ್ತು. 2023ರ 15.1ನೇ ಆವೃತ್ತಿ ತೆಲುಗು, ಮಲಯಾಳಂ, ದೇವನಾಗರಿ ಮೊದಲಾದ ಲಿಪಿಗಳ ಒತ್ತಕ್ಷರಗಳನ್ನು ಒಂದಾಗಿಸಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ಕನ್ನಡದ ಅಕ್ಷರ ಎಣಿಸುವವರು ವಿರಾಮದ ಮುಂದೆ ವ್ಯಂಜನ ಬಂದರೆ ಅದನ್ನು ಹಿಂದಿನ ಗುಂಪಿಗೇ ಸೇರಿಸುವ ನಿಯಮವನ್ನು ತಾವೇ ಬರೆದುಕೊಳ್ಳುವುದು ಒಳ್ಳೆಯದು.

ಇನ್ನೂ ಹೆಚ್ಚು ಕಾಡುವುದು ‘ಕೋ’. ಸಾಮಾನ್ಯವಾಗಿ ಅದು ಕ ಮತ್ತು ಓಕಾರದ ಚಿಹ್ನೆ, ಎರಡು ಬಿಂದು. ಬಿಡಿಸಿಟ್ಟ ರೂಪದಲ್ಲಿ ಅದೇ ಚಿಹ್ನೆ ಎತ್ವ, ಊಕಾರದ ಚಿಹ್ನೆ, ದೀರ್ಘಚಿಹ್ನೆ ಎಂದು ಮೂರಾಗಿ ಒಟ್ಟು ನಾಲ್ಕಾಗುತ್ತದೆ. ಪರದೆಯ ಮೇಲೆ ವ್ಯತ್ಯಾಸ ಕಾಣದು, ಆದರೆ ಹುಡುಕಾಟ ತಪ್ಪಬಹುದು. ಎಣಿಸುವ ಮುನ್ನ ಪಠ್ಯವನ್ನು NFC ರೂಪಕ್ಕೆ ತಂದರೆ ಎರಡೂ ಒಂದೇ ಆಗುತ್ತವೆ.