ಹಾರ್ಡಿಯ ಕಾದಂಬರಿಗೆ ಡಿಕ್ಷನರಿ ಎಷ್ಟು ಬೇಕು?

ಇಂಗ್ಲಿಷ್ ಪತ್ರಿಕೆಯನ್ನು ಸರಾಗವಾಗಿ ಓದುವವರು, ಕಚೇರಿಯ ವ್ಯವಹಾರವನ್ನೆಲ್ಲ ಇಂಗ್ಲಿಷಿನಲ್ಲೇ ನಡೆಸುವವರು ಕೂಡ ಥಾಮಸ್ ಹಾರ್ಡಿಯ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ ಕೈಗೆತ್ತಿಕೊಂಡರೆ ಮೊದಲ ಪುಟದಲ್ಲೇ ತಡವರಿಸುತ್ತಾರೆ. 1886ರ ಕಾದಂಬರಿ ಅದು. ಇಂಗ್ಲೆಂಡಿನ ಹಳ್ಳಿಗಾಡು, ಹುಲ್ಲಿನ ಕೆಲಸ, ಧಾನ್ಯದ ವ್ಯಾಪಾರ ಅದರ ತುಂಬ ಇವೆ. ಆ ಲೋಕದ ಪದಗಳು ಇಂದಿನ ಇಂಗ್ಲಿಷರಿಗೇ ಅಪರಿಚಿತ. ಹಾಗಾಗಿ ಓದುಗ ಡಿಕ್ಷನರಿ ತೆರೆಯುತ್ತಾನೆ. ಮೂರನೆಯ ಪುಟ ಮುಗಿಯುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ, ಪುಸ್ತಕ ಕಪಾಟಿಗೆ ವಾಪಸಾಗುತ್ತದೆ.

ಆ ಮೊದಲ ಪುಟದಲ್ಲಿ ಏನಿದೆ ನೋಡೋಣ. ಗಂಡ, ಹೆಂಡತಿ, ಅವಳ ತೋಳಿನಲ್ಲಿ ಒಂದು ಕೂಸು, ಧೂಳು ತುಂಬಿದ ರಸ್ತೆಯಲ್ಲಿ ನಡೆದು ಬರುತ್ತಿದ್ದಾರೆ. ಗಂಡನ ಉಡುಪಿನ ವರ್ಣನೆಯಲ್ಲಿ ‘ಫಸ್ಟಿಯನ್’ ಎಂಬ ಬಟ್ಟೆ ಬರುತ್ತದೆ. ಬೆನ್ನಿನ ಬುಟ್ಟಿಯಲ್ಲಿ ‘ವಿಂಬಲ್’ ಎಂಬ ಸಲಕರಣೆ ಇಣುಕುತ್ತದೆ. ಡಿಕ್ಷನರಿ ನೋಡಿದರೆ ಒಂದು ಒರಟು ಹತ್ತಿಬಟ್ಟೆ, ಇನ್ನೊಂದು ತಿರುಗಿಸುವ ಹತ್ಯಾರ ಎಂದು ತಿಳಿಯುತ್ತದೆ. ನೋಡದಿದ್ದರೂ ಕೆಲಸಗಾರನ ಬಟ್ಟೆ, ಕೆಲಸಗಾರನ ಹತ್ಯಾರ ಎಂಬಷ್ಟು ಹೊಳೆದೇ ಹೊಳೆಯುತ್ತದೆ. ಕಥೆಗೆ ಅಷ್ಟು ಸಾಕು. ಹಾರ್ಡಿ ನಿಜವಾಗಿ ತೋರಿಸುತ್ತಿರುವುದು ಬೇರೆ: ಇಬ್ಬರೂ ಪಕ್ಕಪಕ್ಕದಲ್ಲೇ ನಡೆಯುತ್ತಿದ್ದರೂ ಒಂದು ಮಾತೂ ಆಡುತ್ತಿಲ್ಲ. ಗಂಡ ಒಂದು ಹಾಡಿನ ಹಾಳೆ ಹಿಡಿದು ಓದುತ್ತಿದ್ದಾನೆ, ಅಥವಾ ಓದುವಂತೆ ನಟಿಸುತ್ತಿದ್ದಾನೆ. ಈ ಮೌನವನ್ನು ಹೇಳಲು ಬಳಸಿದ ಪದಗಳು ಬಹುಪಾಲು ಸರಳವಾದವು. ‘ಫಸ್ಟಿಯನ್’ ಹುಡುಕಲು ಎದ್ದುಹೋದವನಿಗೆ ಅದೇ ತಪ್ಪಿಹೋಗುತ್ತದೆ. ಡಿಕ್ಷನರಿಯಲ್ಲಿ ಎಲ್ಲ ಪದಗಳಿಗೂ ಒಂದೇ ತೂಕ, ಕಾದಂಬರಿಯಲ್ಲಿ ಹಾಗಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಹಿಡಿಯಬೇಕು ಎಂಬುದನ್ನು ಬಹಳ ಸಲ ಕಾದಂಬರಿಯೇ ಹೇಳಿಬಿಡುತ್ತದೆ.

ಅದೇ ಮೊದಲ ಅಧ್ಯಾಯದಲ್ಲಿ ಮೂವರೂ ಜಾತ್ರೆಯ ಡೇರೆಯೊಂದಕ್ಕೆ ಹೋಗುತ್ತಾರೆ. ಅಲ್ಲಿ ಸಿಗುವುದು ‘ಫರ್ಮಿಟಿ’. ಪದ ಗೊತ್ತಿಲ್ಲದಿದ್ದರೂ ಮುಂದಿನ ಸಾಲುಗಳಲ್ಲೇ ಕಾಳು, ಹಾಲು, ಒಣದ್ರಾಕ್ಷಿಗಳ ಹೆಸರು ಬರುತ್ತದೆ, ಏನೋ ಒಂದು ಪಾಯಸದಂಥ ಗಂಜಿ ಎಂದು ತಿಳಿಯುತ್ತದೆ. ಮಾರುವ ಹೆಂಗಸು ಗುಟ್ಟಾಗಿ ಅದಕ್ಕೆ ರಮ್ ಬೆರೆಸಿಕೊಡುತ್ತಾಳೆ. ಗಂಡ, ಅಂದರೆ ಮೈಕೆಲ್ ಹೆಂಚರ್ಡ್, ಬಟ್ಟಲಿನ ಮೇಲೆ ಬಟ್ಟಲು ಖಾಲಿ ಮಾಡುತ್ತಾನೆ. ಒಂದೊಂದು ಬಟ್ಟಲಿಗೂ ಅವನ ಮನಸ್ಥಿತಿ ಹೇಗೆ ಬದಲಾಯಿತೆಂದು ಹಾರ್ಡಿ ಒಂದೊಂದು ವಿಶೇಷಣದಲ್ಲಿ ಹೇಳುತ್ತಾನೆ. ಆ ವಿಶೇಷಣಗಳಲ್ಲಿ ಎರಡು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಮೊದಲನೆಯದು ಸಮಾಧಾನದ್ದು, ಕೊನೆಯದು ಜಗಳದ್ದು ಎಂದು ಗೊತ್ತಾದರೆ ನಡುವಿನವು ಏರುಮೆಟ್ಟಿಲೆಂದು ಊಹಿಸಬಹುದು. ನಾಲ್ಕನೆಯ ಬಟ್ಟಲಿನ ನಂತರ ಅವನು ಹೆಂಡತಿಯನ್ನು ಹರಾಜಿಗಿಡುತ್ತಾನೆ, ನಾವಿಕನೊಬ್ಬ ಐದು ಗಿನಿ ಕೊಟ್ಟು ಅವಳನ್ನೂ ಮಗುವನ್ನೂ ಕರೆದೊಯ್ಯುತ್ತಾನೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ‘ವಿಂಬಲ್’ನಿಂದ ಕಥೆಗೆ ಮುಂದೆ ಏನೂ ಆಗಬೇಕಿಲ್ಲ. ‘ಫರ್ಮಿಟಿ’ ಮತ್ತೆ ಮತ್ತೆ ಬರುತ್ತದೆ. ಅದನ್ನು ಮಾರಿದ ಮುದುಕಿ ವರ್ಷಗಳ ನಂತರ ಆರೋಪಿಯಾಗಿ ಕೋರ್ಟಿಗೆ ಬರುತ್ತಾಳೆ, ನ್ಯಾಯಪೀಠದಲ್ಲಿ ಕುಳಿತ ಹೆಂಚರ್ಡ್‌ನ ಗುಟ್ಟನ್ನು ಎಲ್ಲರೆದುರು ಬಯಲು ಮಾಡುತ್ತಾಳೆ. ಬೇಕಾದ ಪದವನ್ನು ಕಾದಂಬರಿಕಾರ ಒಂದೇ ಸಲ ಹೇಳಿ ಬಿಡುವುದಿಲ್ಲ. ಕಾದಂಬರಿಯ ಕೊನೆಭಾಗದಲ್ಲಿ ‘ಸ್ಕಿಮ್ಮಿಟಿ ರೈಡ್’ ಎಂಬ ಮಾತು ಕೇಳಿಬರುತ್ತದೆ. ಅಲ್ಲಿ ಊರಿಗೆ ಹೊಸಬನೊಬ್ಬ ಹಾಗೆಂದರೇನು ಎಂದು ಕೇಳಿಯೇಬಿಡುತ್ತಾನೆ, ಹೋಟೆಲಿನಲ್ಲಿದ್ದವರು ಉತ್ತರಿಸುತ್ತಾರೆ. ಓದುಗನ ಪ್ರಶ್ನೆಯನ್ನು ಹಾರ್ಡಿ ಪಾತ್ರದ ಬಾಯಲ್ಲೇ ಹಾಕಿದ್ದಾನೆ. ನಡತೆಗೆಟ್ಟರೆಂದು ಜನ ನಂಬಿದ ಜೋಡಿಯ ಗೊಂಬೆಗಳನ್ನು ಕತ್ತೆಯ ಮೇಲೆ ಕೂರಿಸಿ ಮೆರೆಸುವ ಆ ಅವಮಾನದ ಮೆರವಣಿಗೆ ಮುಂದೆ ಒಂದು ಸಾವಿಗೇ ಕಾರಣವಾಗುತ್ತದೆ.

ಹಾಗಾದರೆ ಎಷ್ಟು ಪದ ಗೊತ್ತಿಲ್ಲದಿದ್ದರೂ ನಡೆದೀತು? ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ 2006ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ನೆರವಿಲ್ಲದೆ ಇಂಗ್ಲಿಷ್ ಕಾದಂಬರಿ ಓದಲು ಅದರ ಶೇ. 98ರಷ್ಟು ಪದಗಳು ಗೊತ್ತಿರಬೇಕು. ಅದಕ್ಕೆ ಸುಮಾರು 8,000ದಿಂದ 9,000 ಪದಕುಟುಂಬಗಳ ಪರಿಚಯ ಬೇಕು. ನಡೆ, ನಡೆದ, ನಡೆಯುವ ಎಂಬಂಥ ರೂಪಗಳೆಲ್ಲ ಸೇರಿ ಒಂದು ಕುಟುಂಬ. 300 ಪದಗಳ ಪುಟದಲ್ಲಿ ಶೇ. 98 ಎಂದರೆ ಆರು ಅಪರಿಚಿತ ಪದ. ಶೇ. 95ಕ್ಕೆ ಇಳಿದರೆ ಹದಿನೈದು. ಆರು ಪದ ಬಿಟ್ಟರೆ ಉಳಿದವು ಕೈಹಿಡಿದು ನಡೆಸುತ್ತವೆ. ಹದಿನೈದು ಬಿಟ್ಟರೆ ಊಹೆಗೆ ಆಧಾರವಾಗಬೇಕಾದ ಪಕ್ಕದ ಪದವೇ ಅಪರಿಚಿತವಾಗಿರುತ್ತದೆ.

ಓದುವ ಕ್ರಮ ಹೀಗಿರಲಿ. ಒಂದು ಅಧ್ಯಾಯವನ್ನು ನಿಲ್ಲದೆ ಓದಿ. ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲ್ಲಿನ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ. ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ, ಯಾರು ಯಾರಿಗೆ ಏನು ಮಾಡಿದರು, ಯಾಕೆ ಎಂದು ಕನ್ನಡದಲ್ಲೇ ನಾಲ್ಕು ಮಾತು ಹೇಳಿಕೊಳ್ಳಿ. ಎಲ್ಲಿ ಮಾತು ಕಟ್ಟಿತೋ ಆ ಪುಟಕ್ಕೆ ಮರಳಿ, ಅಲ್ಲಿನ ಚುಕ್ಕೆಗಳನ್ನು ನೋಡಿ. ಮೂರು ಸಲ ಬಂದ ಪದವನ್ನೂ ಯಾರೋ ಮಾಡಿದ ಕೆಲಸವನ್ನು ಹೇಳುವ ಕ್ರಿಯಾಪದವನ್ನೂ ಈಗ ಡಿಕ್ಷನರಿಯಲ್ಲಿ ಹುಡುಕಿ. ಗಿಡ, ಬಟ್ಟೆ, ಗಾಡಿಯ ಬಿಡಿಭಾಗದ ಹೆಸರುಗಳನ್ನು ಹಾಗೇ ಬಿಡಿ. ಚುಕ್ಕೆಯೇ ಇಲ್ಲದ ಕಡೆ ಮಾತು ಕಟ್ಟಿದ್ದರೆ ತೊಡಕು ಪದದ್ದಲ್ಲ, ವಾಕ್ಯದ್ದು. ಹಾರ್ಡಿಯ ಉದ್ದನೆಯ ವಾಕ್ಯದಲ್ಲಿ ಕರ್ತೃ ಯಾವುದು, ಮುಖ್ಯ ಕ್ರಿಯೆ ಯಾವುದು ಎಂದು ಗುರುತಿಸಿ ಮತ್ತೊಮ್ಮೆ ಓದಿದರೆ ಹಾದಿ ತೆರೆಯುತ್ತದೆ.

ಈ ಓದಿನಲ್ಲಿ ನಿಜವಾದ ಅಪಾಯ ಇರುವುದು ಗೊತ್ತಿದೆಯೆಂದುಕೊಂಡ ಪದಗಳಲ್ಲಿ. ಹೆಂಚರ್ಡ್ ಮುಂದೆ ‘ಕಾರ್ನ್ ಫ್ಯಾಕ್ಟರ್’ ಆಗುತ್ತಾನೆ. ‘ಕಾರ್ನ್’ ಎಂದೊಡನೆ ನಮ್ಮ ಕಣ್ಣಿಗೆ ಮುಸುಕಿನ ಜೋಳ ಬರುತ್ತದೆ, ‘ಫ್ಯಾಕ್ಟರ್’ ಎಂದರೆ ಅಂಶ ಎಂದು ಗಣಿತದ ತರಗತಿ ಹೇಳಿಕೊಟ್ಟಿದೆ. ಹಾರ್ಡಿಯ ಕಾಲದ ಇಂಗ್ಲೆಂಡಿನಲ್ಲಿ ಮೊದಲನೆಯದು ಗೋಧಿಯಂಥ ಧಾನ್ಯ, ಎರಡನೆಯದು ವ್ಯಾಪಾರಿ. ಇಂಥ ಪದಕ್ಕೆ ಯಾರೂ ಚುಕ್ಕೆ ಇಡುವುದಿಲ್ಲ. ಆದರೆ ತಪ್ಪು ತಿಳಿವಳಿಕೆ ದೃಶ್ಯಕ್ಕೆ ಹೊಂದುವುದಿಲ್ಲ, ಅದರಿಂದಲೇ ಸಿಕ್ಕಿಬೀಳುತ್ತದೆ. ಹೆಂಚರ್ಡ್ ಮಾರಿದ ಧಾನ್ಯ ಮೊಳಕೆಯೊಡೆದು ಕೆಟ್ಟಿತ್ತು, ಊರಿನ ಬ್ರೆಡ್ಡೆಲ್ಲ ಹಾಳಾಯಿತು ಎಂದು ಜನ ಕೂಗಾಡುವಾಗ, ಜೋಳಕ್ಕೂ ಬ್ರೆಡ್ಡಿಗೂ ಏನು ಸಂಬಂಧ ಎಂಬ ಪ್ರಶ್ನೆ ಏಳಬೇಕು. ಎದ್ದರೆ ಆಗಲೇ ನಿಂತು ನೋಡಿ. ಓದನ್ನು ನಡುವೆ ನಿಲ್ಲಿಸಬೇಕಾದ್ದು ಇಂಥ ಕಡೆ ಮಾತ್ರ.

ಮೊದಲ ಅಧ್ಯಾಯಗಳಲ್ಲಿ ಚುಕ್ಕೆ ಹೆಚ್ಚಿರುವುದು ಸಹಜ. ಲೇಖಕ ತನ್ನ ಊರನ್ನು ಕಟ್ಟುವುದು ಅಲ್ಲೇ, ಅವೇ ಪದಗಳು ಮುಂದೆ ಮರಳಿ ಬರುತ್ತವೆ. 45 ಅಧ್ಯಾಯಗಳ ಈ ಕಾದಂಬರಿಯಲ್ಲಿ ಏಳೆಂಟು ಮುಗಿದರೂ ಚುಕ್ಕೆಗಳು ಇಳಿಯದೆ ಪುಟಕ್ಕೆ ಹದಿನೈದರಷ್ಟೇ ಉಳಿದಿದ್ದರೆ, ಹಾರ್ಡಿಯನ್ನು ಸದ್ಯಕ್ಕೆ ಬದಿಗಿಟ್ಟು ಆರ್. ಕೆ. ನಾರಾಯಣರ ಕಾದಂಬರಿಯೊಂದನ್ನು ಹಿಡಿಯುವುದು ವಾಸಿ. ಇನ್ನೊಂದು ಮಾತು: ಹೀಗೆ ಓದಿದರೆ ಕಥೆ ದಕ್ಕುತ್ತದೆ, ಹೊಸ ಪದಗಳು ಮಾತ್ರ ನಿಧಾನವಾಗಿ ದಕ್ಕುತ್ತವೆ, ಏಕೆಂದರೆ ಒಂದು ಪದ ನೆನಪಿನಲ್ಲಿ ಕೂರಲು ಅದನ್ನು ಹಲವು ಸಲ ಕಾಣಬೇಕು. ಪರೀಕ್ಷೆಗಾಗಿ ಪದಸಂಪತ್ತು ಬೇಕಾದವರು ಪುಸ್ತಕ ಒಮ್ಮೆ ಮುಗಿಸಿ, ಎರಡನೆಯ ಓದಿಗೆ ಡಿಕ್ಷನರಿಯನ್ನೂ ಪುಸ್ತಕದ ಹಿಂದಿನ ಟಿಪ್ಪಣಿಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ. ಆಗ ಕಥೆ ಎಲ್ಲಿಗೆ ಹೋಗುತ್ತದೆಂದು ಗೊತ್ತಿರುವುದರಿಂದ, ಯಾವ ಪದಕ್ಕೆ ಸಮಯ ಕೊಡಬೇಕೆಂಬುದೂ ಗೊತ್ತಿರುತ್ತದೆ.