ಚಿತ್ರದೊಳಗಿನ ಹೆಸರು ಹುಡುಕಿದರೆ ಸಿಗಬೇಕು

ಹೂವಿನ ಭಾಗಗಳ ಚಿತ್ರವೊಂದನ್ನು ಇಂಕ್‌ಸ್ಕೇಪ್‌ನಲ್ಲಿ ಬಿಡಿಸಿ, ‘ಅಂಡಾಶಯ’, ‘ಪರಾಗಕೋಶ’, ‘ಶಲಾಕಾಗ್ರ’ ಎಂದು ಹೆಸರು ಬರೆದು ಪಿಡಿಎಫ್ ಮಾಡಿದ್ದೀರಿ ಎನ್ನಿ. ಎಷ್ಟು ಹಿಗ್ಗಿಸಿ ನೋಡಿದರೂ ಅಕ್ಷರ ಸ್ಫುಟವಾಗಿದೆ. ಆದರೆ ‘ಅಂಡಾಶಯ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಏಕೆಂದರೆ ಆ ಕಡತದಲ್ಲಿರುವುದು ಅಕ್ಷರವಲ್ಲ, ಅಕ್ಷರದ ಆಕಾರದ ಗೆರೆಗಳು. ಕಂಪ್ಯೂಟರಿಗೆ ಹೂವಿನ ದಳವೂ ಅದರ ಹೆಸರೂ ಒಂದೇ. ಕಣ್ಣು ಕಾಣದ ವಿದ್ಯಾರ್ಥಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೂ ಅಲ್ಲಿ ಓದಲು ಏನೂ ಇಲ್ಲ.

ಇದು ನಿರ್ಧಾರವಾಗುವುದು ಪಿಡಿಎಫ್ ಉಳಿಸುವಾಗ ತೆರೆಯುವ ಪುಟ್ಟ ಕಿಟಕಿಯಲ್ಲಿ. ಅಲ್ಲಿ Convert text to paths ಆಯ್ದರೆ ಪದಗಳು ಗೆರೆಗಳಾಗುತ್ತವೆ. Embed fonts ಆಯ್ದರೆ ಪದಗಳು ಪದಗಳಾಗಿಯೇ ಉಳಿಯುತ್ತವೆ. ಬಳಸಿದ ಅಕ್ಷರಗಳ ಫಾಂಟ್ ಭಾಗ ಕಡತದೊಳಗೇ ಸೇರುತ್ತದೆ. ಹಾಗಾಗಿ ಮುದ್ರಣಾಲಯದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಚದುರುವುದಿಲ್ಲ. ಆ ಭಯಕ್ಕೇ ಅನೇಕರು ಗೆರೆ ಮಾಡಿಸುತ್ತಾರೆ. ಮುದ್ರಕರು ಗೆರೆಯನ್ನೇ ಕೇಳಿದರೆ ಅವರಿಗಾಗಿ ಬೇರೆ ಪ್ರತಿ ಮಾಡಿಕೊಡಿ, ಮೂಲ ಕಡತವನ್ನು ಮುಟ್ಟಬೇಡಿ. ಗೆರೆಯಾದ ಪದವನ್ನು ಮತ್ತೆ ಪದವಾಗಿಸಲು ಹೊಸದಾಗಿ ಟೈಪಿಸುವುದೇ ದಾರಿ.

ಪರೀಕ್ಷೆಗೆ ಪಾಪ್ಲರ್ ಎಂಬ ಉಚಿತ ತಂತ್ರಾಂಶದ ಎರಡು ಆಜ್ಞೆಗಳು ಸಾಕು:

```
pdffonts hoovu.pdf
pdftotext hoovu.pdf -
```

ಮೊದಲನೆಯದು ಫಾಂಟ್‌ಗಳ ಪಟ್ಟಿ ಕೊಡುತ್ತದೆ. ಪಟ್ಟಿ ಖಾಲಿ ಇದ್ದರೆ ಎಲ್ಲವೂ ಗೆರೆಯಾಗಿದೆ. ಎರಡನೆಯದು ಕಡತದೊಳಗಿನ ಪಠ್ಯವನ್ನು ಹೊರತೆಗೆದು ತೋರಿಸುತ್ತದೆ. ಕನ್ನಡದ ಮಟ್ಟಿಗೆ ಇದನ್ನು ನೋಡದೆ ಬಿಡಲೇಬಾರದು.

ಕಾರಣವಿದೆ. ‘ಅಂಡಾಶಯ’ ಸರಿಯಾಗಿ ಬಂದು ‘ಶಲಾಕಾಗ್ರ’ ಮುರಿದು ಬರಬಹುದು. ‘ಗ್ರ’ ಎಂಬುದು ಯೂನಿಕೋಡ್‌ನಲ್ಲಿ ಗ, ವಿರಾಮ ಚಿಹ್ನೆ, ರ ಎಂಬ ಮೂರು ಸಂಕೇತಗಳ ಸಾಲು. ಫಾಂಟ್ ಅದನ್ನು ಗ ಮತ್ತು ರ-ಒತ್ತಿನ ಆಕೃತಿಗಳಾಗಿ ಬರೆಯುತ್ತದೆ. ಆ ಒತ್ತಿನ ಆಕೃತಿಗೆ ತನ್ನದೇ ಸಂಕೇತವಿಲ್ಲ. ಯಾವ ಆಕೃತಿ ಯಾವ ಸಂಕೇತಗಳಿಂದ ಬಂತೆಂಬ ನಕ್ಷೆಯನ್ನು ಪಿಡಿಎಫ್ ಮಾಡುವ ತಂತ್ರಾಂಶವೇ ಕಡತದಲ್ಲಿ ಬರೆದಿಡಬೇಕು. ಆ ನಕ್ಷೆ ಅರೆಬರೆಯಾದರೆ ಕಣ್ಣಿಗೆ ಎಲ್ಲ ಸರಿ, ಹುಡುಕಾಟಕ್ಕೆ ಮಾತ್ರ ತಪ್ಪು.

ಹಳೆಯ ನುಡಿ ಫಾಂಟ್‌ಗಳಲ್ಲಿ ತೊಂದರೆ ಇನ್ನೂ ಆಳದ್ದು. ಅಲ್ಲಿ ‘ಕನ್ನಡ’ ಎಂದು ಕಾಣುವುದರ ಒಳಗಿರುವುದು `PÀ£ÀßqÀ`. ಫಾಂಟ್ ಸೇರಿಸಿದರೂ ಹುಡುಕಾಟಕ್ಕೆ ಸಿಗುವುದು ಈ ಲಿಪಿಗೆಟ್ಟ ಸಾಲೇ. ಅಂಥ ಚಿತ್ರದಲ್ಲಿ ಪದಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಹಚ್ಚಬೇಕು. ಅಗಲ ಬದಲಾಗುವುದರಿಂದ ಬಾಣದ ತುದಿಗೆ ಹೆಸರು ಸರಿಯಾಗಿ ಕೂತಿದೆಯೇ ಎಂದೂ ನೋಡಿಕೊಳ್ಳಬೇಕು.

ಇಷ್ಟಾದರೂ ಒತ್ತಕ್ಷರ ಮುರಿದು ಬಂದರೆ ಅದೇ ಎಸ್‌ವಿಜಿ ಕಡತವನ್ನು ಬ್ರೌಸರ್‌ನಲ್ಲಿ ತೆರೆದು, ಮುದ್ರಣದ ಆಯ್ಕೆಯಿಂದ ಪಿಡಿಎಫ್ ಆಗಿ ಉಳಿಸಿ ನೋಡಿ. ನಕ್ಷೆ ಬರೆಯುವ ತಂತ್ರಾಂಶ ಬೇರೆಯಾದ್ದರಿಂದ ಫಲಿತಾಂಶವೂ ಬೇರೆ ಬರಬಹುದು. ಮತ್ತೆ `pdftotext` ಓಡಿಸಿ, ‘ಶಲಾಕಾಗ್ರ’ ಇಡಿಯಾಗಿ ಬಂದ ಪ್ರತಿಯನ್ನೇ ಪ್ರಕಟಣೆಗೆ ಕೊಡಿ.